ಮೊತ್ತ ಪೈಸೆಗೆ ಪೈಸೆ ತಾಳೆಯಾಯಿತು, ಅಸಲು ಮಾತ್ರ ಎಲ್ಲಾ ತಪ್ಪು: ಫೋಟೋದಿಂದ ಬಿಲ್ ಇಳಿಸುವವರು ಓದಿ

ಕಲಬುರಗಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಚಿಲ್ಲರೆ ವ್ಯಾಪಾರದ ಜತೆಗೆ ಸುತ್ತಲಿನ ಹಳ್ಳಿ ಅಂಗಡಿಗಳಿಗೂ ಸ್ವಲ್ಪ ಮಾಲು ಕೊಡುತ್ತೇವೆ. ಗಂಜಿನಿಂದ ತಂದ ಮಾಲಿನ ಬಿಲ್ಲನ್ನು ಮೊದಲೆಲ್ಲಾ ರಾತ್ರಿ ಕೂತು ಕೈಯಲ್ಲಿ ಟೈಪ್ ಮಾಡುತ್ತಿದ್ದೆ. ಫೋಟೋ ಹೊಡೆದರೆ ಸಾಲು ಸಾಲಾಗಿ ಶೀಟಿಗೆ ಇಳಿಸಿಕೊಡುವ ಆ್ಯಪ್ ಸಿಕ್ಕ ಮೇಲೆ ಟೈಪಿಂಗ್ ಬಿಟ್ಟೆ. ಬಿಟ್ಟ ಎರಡನೇ ವಾರಕ್ಕೇ ಹೊಡೆತ ಬಿತ್ತು.

ಬಿಲ್ಲಿನಲ್ಲಿ ಆರೇ ಸಾಲು. ತೊಗರಿ ಬೇಳೆ 30 ಕೆಜಿ ಚೀಲ ಐದು, 16,500 ರೂಪಾಯಿ. ಒಂದು ಕೆಜಿ ಬೇಳೆ ಪಾಕೀಟು ನೂರು, 11,800. ಮೈಸೋಪು 144, 4,680. ಡಿಟರ್ಜೆಂಟ್ ಪುಡಿ 60 ಪಾಕೀಟು, 5,184. ಹತ್ತು ರೂಪಾಯಿಯ ಬಿಸ್ಕೀಟು 240, 2,100. ಟಾಯ್ಲೆಟ್ ಕ್ಲೀನರ್ 48 ಬಾಟಲಿ, 3,420. ಪಕ್ಕದ ಕಾಲಮ್ಮಿನಲ್ಲಿ ಪ್ರತಿ ಸಾಲಿನ ಜಿಎಸ್‌ಟಿ ಮೊತ್ತ. ಶೇಕಡಾ ಎಷ್ಟು ಅನ್ನುವುದು ಸಾಲಿನಲ್ಲಿ ಇರಲಿಲ್ಲ, ಅದನ್ನು ಕೆಳಗೆ ಒಟ್ಟಾಗಿ ಕೊಟ್ಟಿದ್ದರು: ಶೇ 5ರ ಮಾಲು 18,580, ಶೇ 18ರ ಮಾಲು 8,604, ಎರಡಕ್ಕೂ ತೆರಿಗೆಯನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಅರ್ಧರ್ಧ ಮಾಡಿ.

ಇಲ್ಲೊಂದು ವಿಷಯ ಗಮನಿಸಿ. ಬೇಳೆಯ 25 ಕೆಜಿವರೆಗಿನ ಪ್ಯಾಕಿಗೆ, ಮೇಲೆ ಲೇಬಲ್ ಇದ್ದರೆ, ಶೇ 5 ತೆರಿಗೆ. 30 ಕೆಜಿ ಚೀಲಕ್ಕೆ ಇಲ್ಲ. ಹೀಗಾಗಿ ಮೊದಲ ಸಾಲಿನ ತೆರಿಗೆ ಚೌಕ ಖಾಲಿ ಇತ್ತು. ಸೊನ್ನೆ ಇಲ್ಲ, ಗೆರೆ ಇಲ್ಲ, ಬರೀ ಖಾಲಿ. ನನಗೆ ಹೊಡೆತ ಕೊಟ್ಟಿದ್ದು ಆ ಖಾಲಿ ಚೌಕ.

ಫೋಟೋ ಇಳಿದ ಕೂಡಲೇ ತೆರಿಗೆ ಕಾಲಂ ಕೂಡಿಸಿದೆ. 1,544.60 ಬಂತು, ಬಿಲ್ಲಿನಲ್ಲಿ 2,477.72. ವ್ಯತ್ಯಾಸ 933.12. ಕಡಿಮೆ ಬಿದ್ದ ಮೊತ್ತ ಬಿಲ್ಲಿನ ಯಾವುದೋ ಒಂದು ಅಂಕಿಗೆ ಸರಿಯಾಗಿ ಹೊಂದಿದರೆ ಆ ಚೌಕವನ್ನೇ ಹಿಡಿಯಬೇಕು, ಅದು ಅನುಭವದಿಂದ ಗೊತ್ತಿತ್ತು. ನೋಡಿದರೆ ಬಿಲ್ಲಿನ ಮಡಿಕೆ ಅಲ್ಲೇ ಹಾದುಹೋಗಿತ್ತು. ಆ್ಯಪ್ ಅದನ್ನು 933.I2 ಅಂತ ಓದಿತ್ತು, ಒಂದರ ಜಾಗದಲ್ಲಿ ಇಂಗ್ಲಿಷ್ ಅಕ್ಷರ. ಶೀಟಿಗೆ ಅದು ಅಂಕಿಯಲ್ಲ, ಅಕ್ಷರ. SUM ಅಂಥ ಚೌಕವನ್ನು ಏನೂ ಹೇಳದೆ ಬಿಟ್ಟು ಮುಂದೆ ಹೋಗುತ್ತೆ. ಅಂಕಿಗಳು ಚೌಕದ ಬಲಕ್ಕೆ ಅಂಟಿಕೊಂಡಿದ್ದರೆ ಇದೊಂದು ಎಡಕ್ಕೆ ಕೂತಿತ್ತು. ತಿದ್ದಿದೆ. 2,477.72, ಪೈಸೆಗೆ ಪೈಸೆ. ಮಾಲಿನ ಮೊತ್ತ 43,684 ಕೂಡ ಸರಿ, ರೌಂಡ್ ಆಫ್ 28 ಪೈಸೆ ಸೇರಿ 46,162. ದೊಡ್ಡ ಕಳ್ಳನನ್ನು ಹಿಡಿದವನ ಹಾಗೆ ಬೀಗಿ ಶೀಟ್ ಮುಚ್ಚಿದೆ.

ನಮ್ಮದು ಕಾಂಪೋಸಿಷನ್ ಸ್ಕೀಮ್. ಖರೀದಿಗೆ ಕಟ್ಟಿದ ತೆರಿಗೆ ನಮಗೆ ವಾಪಸ್ ಸಿಗೋದಿಲ್ಲ, ಅದು ಮಾಲಿನ ಅಸಲಿಗೇ ಸೇರುತ್ತೆ. ಅದಕ್ಕೆ ಶೀಟಿನಲ್ಲಿ ಪ್ರತಿ ಸಾಲಿಗೂ ಮಾಲಿನ ಮೊತ್ತಕ್ಕೆ ತೆರಿಗೆ ಕೂಡಿಸಿ, ನಗದಿಂದ ಭಾಗಿಸಿ ಅಸಲು ತೆಗೆಯುತ್ತೇನೆ. ಆ ಪಟ್ಟಿ ಪ್ರಿಂಟ್ ಆಗಿ ಗಲ್ಲೆ ಪಕ್ಕ ತೂಗುತ್ತೆ, ಮಾರುವ ದರ ಅದರ ಮೇಲೆ.

ನಾಲ್ಕು ದಿನದ ಮೇಲೆ ಹೆಂಡತಿ ಪಟ್ಟಿ ಹಿಡಿದುಕೊಂಡು ಬಂದಳು. "ಏನ್ರೀ, ಹತ್ತು ರೂಪಾಯಿ ಬಿಸ್ಕೀಟಿನ ಅಸಲು ಹನ್ನೊಂದು ರೂಪಾಯಿ ಮೂವತ್ತೆರಡು ಪೈಸೆ ಅಂತ ಬರ್ದದ. ಕೈಯಿಂದ ರೊಕ್ಕ ಹಾಕಿ ಮಾರ್ಲಾಕತ್ತೀವೇನು?"

ಬಿಲ್ಲು ತೆಗೆದು ಒಂದೊಂದೇ ಸಾಲು ಬೆರಳಿಟ್ಟು ನೋಡಿದೆ. ಮೊದಲ ಸಾಲಿನ ಖಾಲಿ ಚೌಕವನ್ನು ಆ್ಯಪ್ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೆಳಗಿನ ಐದೂ ತೆರಿಗೆ ಮೊತ್ತಗಳು ಒಂದೊಂದು ಮನೆ ಮೇಲೆ ಹತ್ತಿದ್ದವು. ಪಾಕೀಟು ಬೇಳೆಯ 590 ರೂಪಾಯಿ ಚೀಲದ ಬೇಳೆಗೆ, ಸೋಪಿನ 234 ಪಾಕೀಟು ಬೇಳೆಗೆ, ಡಿಟರ್ಜೆಂಟಿನ 933.12 ಸೋಪಿಗೆ, ಬಿಸ್ಕೀಟಿನ 105 ಡಿಟರ್ಜೆಂಟಿಗೆ, ಕ್ಲೀನರಿನ 615.60 ಬಿಸ್ಕೀಟಿಗೆ. ಕೊನೆಗೆ ಕ್ಲೀನರ್ ತೆರಿಗೆಯೇ ಇಲ್ಲದೆ ಕೂತಿತ್ತು. ಅಂಕಿಗಳೆಲ್ಲಾ ಸರಿ, ಜಾಗ ಒಂದೂ ಸರಿಯಿಲ್ಲ. ಯಾವ ಕ್ರಮದಲ್ಲಿ ಕೂಡಿಸಿದರೂ ಮೊತ್ತ ಅದೇ ಬರುತ್ತೆ, ಹೀಗಾಗಿ ನನ್ನ ತಾಳೆಗೆ ಇದು ಸಿಗುವ ಹಾಗೇ ಇರಲಿಲ್ಲ. ಅನುಮಾನವಿದ್ದ ಅಂಕಿಗೆ ಆ್ಯಪ್ ಬಣ್ಣ ಹಚ್ಚಿ ತೋರಿಸುತ್ತೆ ನಿಜ, ಆದರೆ ಈ ಅಂಕಿಗಳನ್ನು ಅದು ಚೆನ್ನಾಗಿಯೇ ಓದಿತ್ತು.

ಅಷ್ಟರಲ್ಲಿ ಡಿಟರ್ಜೆಂಟಿನ ಅಸಲು 88.15 ಅಂದುಕೊಂಡು ಹಳ್ಳಿ ಅಂಗಡಿಗಳಿಗೆ 92ರಂತೆ ನಲವತ್ತು ಪಾಕೀಟು ಕೊಟ್ಟಾಗಿತ್ತು. ನಿಜವಾದ ಅಸಲು 101.95. ಕ್ಲೀನರ್ 75ರಂತೆ ಮೂವತ್ತು ಹೋಗಿತ್ತು, ಅದರ ಅಸಲು 84 ದಾಟುತ್ತೆ. ಎರಡರಲ್ಲೇ 670 ರೂಪಾಯಿ ಕೈಬಿಟ್ಟಿತು. ಇದಕ್ಕಿಂತ ನನಗೆ ಉರಿದಿದ್ದು ಬೇಳೆಯದು. ಕೆಜಿಗೆ 110 ಬೀಳುವ ಬೇಳೆಯನ್ನು 113.93 ಅಂದುಕೊಂಡು ದರ ಏರಿಸಿದ್ದೆ. ಕಲಬುರಗಿಯಲ್ಲಿ ತೊಗರಿ ಬೇಳೆಗೆ ನಾಲ್ಕು ರೂಪಾಯಿ ಜಾಸ್ತಿ ಹೇಳಿದರೆ ಗಿರಾಕಿ ಮಾತೂ ಆಡೋದಿಲ್ಲ, ಪಕ್ಕದ ಅಂಗಡಿಗೆ ನಡೆದುಬಿಡುತ್ತಾನೆ.

ಈ ತಪ್ಪು ಹಿಡಿಯಲು ಒಂದೇ ಕಾಲಂ ಸಾಕಿತ್ತು. D ಮಾಲಿನ ಮೊತ್ತ, E ತೆರಿಗೆ ಆದರೆ:

```
=ROUND(E2/D2*100,1)
```

ನನ್ನ ಕೆಟ್ಟ ಶೀಟಿಗೆ ಇದನ್ನು ಹಾಕಿ ನೋಡಿದೆ. 3.6, 2, 19.9, 2, 29.3, 0 ಅಂತ ಬಂತು. ಕಿರಾಣಿ ಮಾಲಿಗೆ 3.6ರ ದರ ಎಲ್ಲಿದೆ? 29.3 ಎಲ್ಲಿದೆ? ನನ್ನ ಈ ಮಾಲಿಗೆ 0, 5, 18 ಬಿಟ್ಟು ಬೇರೆ ಬರಲೇಬಾರದು. ಆದರೆ ಕೊನೆಯ 0 ನೋಡಿ, ಸಭ್ಯಸ್ಥನ ಹಾಗೆ ಕೂತಿದೆ. ಕ್ಲೀನರಿಗೆ ಶೇ 18 ಅಂತ ಗೊತ್ತಿದ್ದವನಿಗೆ ಮಾತ್ರ ಅದು ತಪ್ಪು ಅಂತ ಕಾಣುತ್ತೆ. ಅದಕ್ಕೆ ಈಗ G ಕಾಲಮ್ಮಿನಲ್ಲಿ ದರವನ್ನು ಮಾಲಿನ ಹೆಸರು ನೋಡಿ ನಾನೇ ತುಂಬುತ್ತೇನೆ, ಫೋಟೋದಿಂದ ತಗೊಳ್ಳೋದಿಲ್ಲ. ಆಮೇಲೆ ಇವೆರಡು:

```
=ROUND(D2*G2/100,2)-E2
=SUMIF(G2:G7,5,D2:D7)
```

ಮೊದಲನೆಯದು ಪ್ರತಿ ಸಾಲಿಗೂ ಸೊನ್ನೆ ಬರಬೇಕು, ಒಂದೆರಡು ಪೈಸೆ ಆಚೀಚೆ ನಡೆಯುತ್ತೆ. ಎರಡನೆಯದು ಬಿಲ್ಲಿನ ಕೆಳಗಿರುವ ಶೇ 5ರ 18,580ಕ್ಕೆ ಹೊಂದಬೇಕು, 18ಕ್ಕೂ ಹಾಗೇ. ಇಲ್ಲಿ ಹೊಂದದಿದ್ದರೆ ನಾನು ದರ ತಪ್ಪು ತುಂಬಿರಬೇಕು, ಇಲ್ಲಾ ಬಿಲ್ಲು ಕೊಟ್ಟವರದ್ದೇ ತಪ್ಪಿರಬೇಕು. 2025ರ ಸೆಪ್ಟೆಂಬರ್ 22ರಿಂದ ಮೈಸೋಪು, ಬಿಸ್ಕೀಟು 18ರಿಂದ 5ಕ್ಕೆ ಇಳಿದಿವೆ, ಡಿಟರ್ಜೆಂಟ್ ಪುಡಿ 18ರಲ್ಲೇ ಉಳಿದಿದೆ. ಬಿಲ್ಲಿನವರ ಸಾಫ್ಟ್‌ವೇರಿನಲ್ಲಿ ಹಳೇ ದರ ಉಳಿದಿದ್ದರೆ ಅವರ ಕೂಡಿಕೆ ಪೂರಾ ಸರಿ ಇರುತ್ತೆ, ದರ ಮಾತ್ರ ತಪ್ಪಿರುತ್ತೆ. ಬಿಲ್ಲಿನದೇ ದರ ನಕಲು ಮಾಡಿಕೊಂಡರೆ ಅದು ಯಾವತ್ತೂ ಸಿಗೋದಿಲ್ಲ.

ರೆಗ್ಯುಲರ್ ಜಿಎಸ್‌ಟಿ ಇರುವ ಗೆಳೆಯನೊಬ್ಬ, "ನಂಗೇನ್ ಚಿಂತಿ ಇಲ್ಲಪ್ಪಾ, ಒಟ್ಟು ಸರಿ ಇದ್ರ ಕ್ರೆಡಿಟ್ ಸರಿ" ಅಂದ. ಕ್ರೆಡಿಟ್ ಮಟ್ಟಿಗೆ ಹೌದು. ಆದರೆ ಸೋಪಿನ ಪೆಟ್ಟಿಗೆ ಒಡೆದು ಬಂತು, ವಾಪಸ್ ಕಳಿಸಬೇಕು ಅಂದಾಗ ತೆರಿಗೆಯನ್ನು ಆ ಸಾಲಿನಿಂದಲೇ ತೆಗೆಯಬೇಕಲ್ಲ. 234ರ ಜಾಗದಲ್ಲಿ 933.12 ಕೂತಿದ್ದರೆ ಡೆಬಿಟ್ ನೋಟ್ ಏನಂತ ಬರೀತಾನೆ?

ಮೂಲಕ್ಕೇ ಮದ್ದು ಅಂದರೆ, ಫೋಟೋ ಹೊಡೆಯುವ ಮೊದಲು ಖಾಲಿ ಚೌಕಗಳಲ್ಲಿ ಪೆನ್ನಿನಿಂದ 0 ಬರೆಯುವುದು. ಒರಿಜಿನಲ್ ಬಿಲ್ಲಿನ ಮೇಲೆ ಗೀಚಿದ್ದಕ್ಕೆ ಅಕೌಂಟೆಂಟ್ ಬೈದರು, ಈಗ ಜೆರಾಕ್ಸ್ ಮೇಲೆ ಬರೆದು ಅದರದ್ದೇ ಫೋಟೋ ಹೊಡೀತೀನಿ. ಅಲ್ಲಿಂದೀಚೆ ಕಾಲಂ ಜಾರಿಲ್ಲ. ಆದರೂ ಆ ಶೇಕಡಾ ಕಾಲಂ ತೆಗೆದುಹಾಕಿಲ್ಲ.

ಡಿಟರ್ಜೆಂಟಿನ ದರ 106ಕ್ಕೆ ತಿದ್ದಿ ಆಯಿತು. ಕಮಲಾಪುರ ಕಡೆಯ ಅಂಗಡಿಯವರೊಬ್ಬರು ಮಾತ್ರ ಬಂದಾಗೊಮ್ಮೆ ಕೇಳುತ್ತಾರೆ, "ಸಾವಕಾರ್ರೆ, ಆ ತೊಂಬತ್ತೆರಡರ ಮಾಲು ಇನ್ನಾ ಉಳದದೇನ್ರಿ?"