ಆಯ್ಕೆಗಳ ಜಾಗ ಬದಲಿಸಿದರೆ ಉತ್ತರವೂ ಬದಲಾಗುತ್ತದೆ: ಚಾಟ್‌ಬಾಟ್‌ಗೆ ಪ್ರಶ್ನೆ ಕೇಳುವ ಮೂರು ದಾರಿ

ಮೈಸೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ನಾನು ಪ್ರಶ್ನೆಪತ್ರಿಕೆ ತಯಾರಿಸುತ್ತೇನೆ. ಕೀ ಉತ್ತರ ಅಂತಿಮ ಮಾಡುವ ಮುಂಚೆ ಚಾಟ್‌ಬಾಟ್‌ನಲ್ಲೂ ಒಮ್ಮೆ ನೋಡುವುದು ರೂಢಿ. ಕೇಳುವುದಕ್ಕೆ ಮೂರು ದಾರಿ ಇವೆ: ನಾಲ್ಕು ಆಯ್ಕೆ ಕೊಟ್ಟು ಒಂದೇ ಸಲ ಕೇಳುವುದು, ಆಯ್ಕೆಗಳನ್ನು ತಿರುಗಿಸಿ ತಿರುಗಿಸಿ ಕೇಳುವುದು, ಆಯ್ಕೆಯೇ ಕೊಡದೆ ನೇರವಾಗಿ ಕೇಳುವುದು. ಮೂರನ್ನೂ ಒಂದೇ ಪ್ರಶ್ನೆಯ ಮೇಲೆ ಇಟ್ಟು ನೋಡಿದೆ.

ಪ್ರಶ್ನೆ ಇದು: ಮಂಡ್ಯ ಜಿಲ್ಲೆ ರಚನೆಯಾದ ವರ್ಷ ಯಾವುದು? ಸರಿ ಉತ್ತರ 1939. ಜೊತೆಗೆ 1933, 1936, 1947 ಇಟ್ಟಿದ್ದೆ.

ಮೊದಲ ಸಲ 1939 'ಎ' ಜಾಗದಲ್ಲಿತ್ತು. ಸರಿ ಉತ್ತರವೇ ಬಂತು. ಒಂದೇ ಸಲ ಕೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ, ಖುಷಿಯಾಗಿ. ಎರಡನೇ ದಾರಿಯಲ್ಲಿ ಪ್ರತಿ ಆಯ್ಕೆಯನ್ನೂ ಒಂದೊಂದು ಮನೆ ಕೆಳಗೆ ಇಳಿಸಿದೆ. ಕೊನೆಯದ್ದು ಮೇಲಕ್ಕೆ ಬರುತ್ತದೆ. ಹೀಗೆ ನಾಲ್ಕು ಸುತ್ತಿನಲ್ಲಿ ಸರಿ ಉತ್ತರ ನಾಲ್ಕೂ ಅಕ್ಷರದ ಮುಂದೆ ಕೂತು ಬರುತ್ತದೆ. ಪ್ರತಿ ಸುತ್ತಿಗೂ ಹೊಸ ಚಾಟ್ ತೆರೆಯಬೇಕು. ಇಲ್ಲದಿದ್ದರೆ ಹಿಂದೆ ಕೊಟ್ಟ ಉತ್ತರವೇ ಮುಂದಿನದನ್ನು ಎಳೆಯುತ್ತದೆ. ಎಡವಿದ ಸುತ್ತು ಇದು:

ಎ) 1936
ಬಿ) 1939
ಸಿ) 1947
ಡಿ) 1933

ಉತ್ತರ 'ಎ' ಎಂದು ಬಂತು! ಉಳಿದ ಮೂರು ಸುತ್ತಿನಲ್ಲೂ 1939 ಸರಿಯಾಗಿಯೇ ಸಿಕ್ಕಿತ್ತು. ಕಾಕತಾಳೀಯ ಇರಬಹುದಾ? ಅದನ್ನು ತಿಳಿಯಲು ಏನೂ ಬದಲಿಸದೆ ಅದೇ ಸುತ್ತನ್ನು ಮತ್ತೆ ಮತ್ತೆ ಕೇಳಬೇಕು. ಚಾಟ್‌ಬಾಟ್ ಪದಗಳನ್ನು ಆರಿಸುವಾಗ ಸ್ವಲ್ಪ ಲಾಟರಿಯೂ ಇರುತ್ತದೆ, ಹಾಗಾಗಿ ಏನೂ ಮುಟ್ಟದಿದ್ದರೂ ಉತ್ತರ ಬೇರೆ ಬರಬಹುದು. ಇಲ್ಲಿ ಮಾತ್ರ ಪ್ರತಿ ಸಲವೂ 1936.

ತಪ್ಪು ಅಕ್ಷರದ್ದೋ, ಮೊದಲ ಜಾಗದ್ದೋ? ಇದನ್ನು ಬೇರ್ಪಡಿಸುವುದು ಸುಲಭ. ಅದೇ ಕ್ರಮ ಉಳಿಸಿ, ಎ-ಬಿ-ಸಿ-ಡಿ ತೆಗೆದು ಬರೀ ಗೆರೆ ಹಾಕಿದೆ, "ವರ್ಷವನ್ನೇ ಬರೆಯಿರಿ" ಎಂದೆ. ಈಗ 1939 ಬಂತು. ಅಂದರೆ ಇಲ್ಲಿ ಜಾಗಕ್ಕಿಂತ ಅಕ್ಷರದ ಸೆಳೆತವೇ ಜಾಸ್ತಿ. 2023ರಲ್ಲಿ ಬಂದ ಒಂದು ಸಂಶೋಧನಾ ಲೇಖನವೂ ಇದನ್ನೇ ತೋರಿಸಿತ್ತು: ಆಯ್ಕೆಯ ಒಳಗೆ ಏನಿದೆ ಅನ್ನುವುದರ ಆಚೆಗೂ, ಕೆಲವು ಅಕ್ಷರಗಳ ಕಡೆಗೆ ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾದರಿಗಳು ಮೊದಲೇ ವಾಲಿರುತ್ತವೆ. ಯಾವ ಅಕ್ಷರದ ಕಡೆಗೆ ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ.

ಒಳಗೆ ನಡೆಯುವುದು ಇಷ್ಟು. ಉತ್ತರ ಬರೆಯುವ ಹೊತ್ತಿಗೆ ಮುಂದೆ ಬರಬಹುದಾದ ಪ್ರತಿ ಅಕ್ಷರಕ್ಕೂ ಮಾದರಿ ಒಂದು ಸಂಭವನೀಯತೆ ಕೊಡುತ್ತದೆ. ಸುಮ್ನೆ ಉದಾಹರಣೆಗೆ ಲೆಕ್ಕ ಹಾಕೋಣ. ವಿಷಯದ ಬಲದಿಂದ 1939ಕ್ಕೆ 45, 1936ಕ್ಕೆ 40 ಸಿಕ್ಕಿದೆ ಅಂದುಕೊಳ್ಳಿ. 'ಎ' ಅಕ್ಷರಕ್ಕೆ ಸುಮ್ಮನೆ 10 ಜಾಸ್ತಿ ಸಿಗುವುದಾದರೆ, 'ಎ'ಯಲ್ಲಿ ಕೂತ 1936 ಗೆದ್ದುಬಿಡುತ್ತದೆ. ಸಮ ನಿಂತ ತಕ್ಕಡಿಗೆ ಒಂದು ಹುಣಸೆಬೀಜ ಸಾಕಲ್ವಾ? ಅಂತರ ದೊಡ್ಡದಿದ್ದರೆ ಈ ಆಟ ನಡೆಯುವುದಿಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಎಲ್ಲಿಗೆ ಹೋಯಿತು ಎಂದು ಕೇಳಿ, ಆಯ್ಕೆಗಳನ್ನು ಹೇಗೆ ಬೇಕಾದರೂ ತಿರುಗಿಸಿದೆ. ಕೋಲಾರದ ಚಿನ್ನದ ಗಣಿ ಅನ್ನುವ ಉತ್ತರ ಅಲುಗಾಡಲಿಲ್ಲ.

ಮೂರನೆಯ ದಾರಿಯಲ್ಲಿ ಅಕ್ಷರದ ಕಾಟ ಇಲ್ಲ. ಆದರೆ ಪ್ರಶ್ನೆಯ ಧಾಟಿ ಅಲ್ಲಿ ಕೈಯಾಡಿಸುತ್ತದೆ. "ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು ಯಾವಾಗ?" ಅಂದರೆ 1939. "ಮಂಡ್ಯ ಜಿಲ್ಲೆ ಆಗಿದ್ದು 1936ರಲ್ಲಿ ಅಲ್ವಾ?" ಅಂದರೆ "ಹೌದು, 1936ರಲ್ಲಿ" ಎಂದು ಶುರುವಾಗಿ ಒಂದು ಪ್ಯಾರಾ ವಿವರಣೆ ಬೇರೆ. ಕೇಳುವವರ ಮಾತಿಗೆ ತಲೆಯಾಡಿಸುವ ಚಾಳಿ ಇದು. ಜನ ಮೆಚ್ಚುವ ಉತ್ತರಗಳ ಮೇಲೆ ಮಾದರಿಗಳನ್ನು ಪಳಗಿಸುವಾಗ ಇದು ಇನ್ನಷ್ಟು ಬಲಿಯುತ್ತದೆ. ನನಗೆ ಅಕ್ಷರದ ಸೆಳೆತಕ್ಕಿಂತ ಇದೇ ಅಪಾಯ ಅನ್ನಿಸುತ್ತದೆ, ಯಾಕಂದರೆ ನಾವು ಅರ್ಧ ಗೊತ್ತಿದ್ದಾಗಲೇ ಹೀಗೆ ಕೇಳುವುದು.

ಹಾಗಾದರೆ ಯಾವುದು ಮೇಲು? ಇಸವಿ, ಊರು, ಹೆಸರು ಕೇಳುವ ಪ್ರಶ್ನೆಗೆ ನನ್ನ ವೋಟು ಮೂರನೆಯದಕ್ಕೆ, ಊಹೆಯನ್ನು ಪ್ರಶ್ನೆಯೊಳಗೆ ತುರುಕದಿದ್ದರೆ. "ಕೆಳಗಿನವುಗಳಲ್ಲಿ ಯಾವ ಹೇಳಿಕೆ ಸರಿ" ಎಂಬಂಥವಕ್ಕೆ ಆಯ್ಕೆ ಇಲ್ಲದೆ ಆಗುವುದಿಲ್ಲ, ಅಲ್ಲಿ ನಾಲ್ಕು ಸುತ್ತು ತಿರುಗಿಸುತ್ತೇನೆ. ನಾಲ್ಕೂ ಒಂದೇ ಬಂದರೆ ಮಾದರಿ ಗಟ್ಟಿಯಾಗಿ ನಿಂತಿದೆ ಎಂದಷ್ಟೇ ಅರ್ಥ. ತಪ್ಪನ್ನೂ ಅದು ಅಷ್ಟೇ ಗಟ್ಟಿಯಾಗಿ ಹೇಳಬಲ್ಲದು, ಹಾಗಾಗಿ ಗೆಜೆಟಿಯರ್ ತೆಗೆಯುವುದು ತಪ್ಪುವುದಿಲ್ಲ. ಮೂರು-ಒಂದು ಬಂದರೆ ಆ ಪ್ರಶ್ನೆಗೆ ಗುರುತು ಹಾಕಿ ಅದನ್ನೇ ಮೊದಲು ಪುಸ್ತಕದಲ್ಲಿ ನೋಡುತ್ತೇನೆ.

ಒಂದೇ ಸಲ ಕೇಳುವ ದಾರಿ ಬಿಟ್ಟಾಯಿತು. ಇಬ್ಬರು ಹುಡುಗರ ಪ್ರಬಂಧ ಹೋಲಿಸಲು ಕೊಡುವಾಗಲೂ ಹಾಗೆಯೇ: ಎರಡನ್ನೂ ಹಿಂದುಮುಂದು ಮಾಡಿ ಇನ್ನೊಮ್ಮೆ ಕೊಡುತ್ತೇನೆ. ಎರಡು ಸಲವೂ ಒಬ್ಬನದೇ ಗೆದ್ದರೆ ಆ ಅಭಿಪ್ರಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಮೊದಲು ಇಟ್ಟದ್ದೇ ಎರಡೂ ಸಲ ಗೆದ್ದರೆ ಅದನ್ನು ಪಕ್ಕಕ್ಕಿಟ್ಟು ನಾನೇ ಓದಿ ಅಂಕ ಹಾಕುತ್ತೇನೆ.