ಅಪ್ಪ-ಅಮ್ಮನ ಜೊತೆ ದೂರದ ದಾರಿ: ಫುಡ್ ಕೋರ್ಟೋ, ಸಣ್ಣ ಹೋಟೆಲೋ?

ಒಂದೇ ದಾರಿ, ಸುಮಾರು 11 ಗಂಟೆಯ ಪ್ರಯಾಣ. ಕಾರಿನಲ್ಲಿ ನಾನು, ತಮ್ಮ, ಅಪ್ಪ, ಅಮ್ಮ. ಅಪ್ಪನಿಗೆ 78 ವರ್ಷ. ಬಿಪಿ ಮಾತ್ರೆ ಇದೆ, ಕಾಲು ಊದಿಕೊಳ್ಳದ ಹಾಗೆ ಬೆಳಿಗ್ಗೆ ನೀರಿಳಿಸುವ ಮಾತ್ರೆಯೂ ಇದೆ. ಅಮ್ಮನಿಗೆ 73. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಜೊತೆಗೆ ಮಂಡಿನೋವು. ಹೋಗುವಾಗ ಹೆದ್ದಾರಿ ಪಕ್ಕದ ದೊಡ್ಡ ಫುಡ್ ಕೋರ್ಟಿನಲ್ಲಿ ಊಟ ಮಾಡಿದೆವು. ಬರುವಾಗ ಲಾರಿಗಳು ಸಾಲಾಗಿ ನಿಂತಿದ್ದ ಒಂದು ಸಣ್ಣ ಹೋಟೆಲಿನಲ್ಲಿ.

ಮೊದಲು ಫುಡ್ ಕೋರ್ಟಿನ ಮಾತು. ಶೌಚಾಲಯದ ವಿಷಯದಲ್ಲಿ ಅದಕ್ಕೆ ಸಾಟಿಯೇ ಇಲ್ಲ. ಕೂರುವ ಕಮೋಡ್, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ, ಒಣಗಿದ ನೆಲ, ಎಲ್ಲೂ ಮೆಟ್ಟಿಲಿಲ್ಲ. ಅಮ್ಮ ಒಬ್ಬರೇ ಹೋಗಿ ಬಂದರು. ಕುರ್ಚಿಗಳಿಗೆ ಕೈ ಇತ್ತು, ಹಾಗಾಗಿ ಅಪ್ಪನೂ ಯಾರ ಸಹಾಯವಿಲ್ಲದೆ ಎದ್ದರು.

ಎಡವಟ್ಟಾಗಿದ್ದು ಊಟದ ಟೋಕನ್‌ನಲ್ಲಿ. ತಮ್ಮ ಸಾಲಿನಲ್ಲಿ ನಿಂತ. ಮೇಜು ಸಿಕ್ಕ ಖುಷಿಗೆ ಅಮ್ಮ ಆಗಲೇ ಇನ್ಸುಲಿನ್ ಚುಚ್ಚಿಕೊಂಡುಬಿಟ್ಟರು. ಮನೆಯಲ್ಲಾದರೆ ಅದೇ ಸರಿ, ತಟ್ಟೆ ಹತ್ತು ನಿಮಿಷದಲ್ಲಿ ಮುಂದಿರುತ್ತದೆ. ಇಲ್ಲಿ ನಮ್ಮ ನಂಬರ್ ಬರುವಷ್ಟರಲ್ಲಿ 40 ನಿಮಿಷ ಆಯಿತು. ಅಷ್ಟರಲ್ಲಿ ಅಮ್ಮನ ಹಣೆಯಲ್ಲಿ ಬೆವರು, ಕೈ ಸಣ್ಣಗೆ ನಡುಗುತ್ತಿತ್ತು. 'ಏನೋ ಒಂಥರಾ ಆಗ್ತಿದೆ ಕಣೋ' ಅಂದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 62. 70ಕ್ಕಿಂತ ಕೆಳಗೆ ಹೋದರೆ ತಡ ಮಾಡುವ ಹಾಗಿಲ್ಲ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದೆವು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದೆವು: 94. ಪಕ್ಕದ ಮೇಜಿನವರು ಪ್ರೀತಿಯಿಂದ ಚಾಕೊಲೇಟ್ ಕೊಡಲು ಬಂದರು. ಆದರೆ ಅದರಲ್ಲಿ ಕೊಬ್ಬು ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಆ ಹೊತ್ತಿಗೆ ಬೇಕಾಗಿದ್ದು ಬರೀ ಸಕ್ಕರೆ.

ಸಣ್ಣ ಹೋಟೆಲಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಕೂತು ಆರೇ ನಿಮಿಷಕ್ಕೆ ತಟ್ಟೆ ಬಂತು. ಅದು ಕಣ್ಣಿಗೆ ಬಿದ್ದ ಮೇಲೆಯೇ ಅಮ್ಮ ಇನ್ಸುಲಿನ್ ಪೆನ್ ಕೈಗೆತ್ತಿಕೊಂಡರು. ಆದರೆ ಶೌಚಾಲಯ ಹಿತ್ತಲ ಕಡೆ, ಎರಡು ಮೆಟ್ಟಿಲು ಹತ್ತಬೇಕು, ಕುಕ್ಕರಗಾಲಲ್ಲಿ ಕೂರುವಂಥದ್ದು, ನೆಲವೆಲ್ಲ ನೀರು. ಅಮ್ಮ ಬಾಗಿಲವರೆಗೆ ಹೋಗಿ ವಾಪಸ್ ಬಂದರು. ಬೆಂಚಿಗೆ ಒರಗುವುದಕ್ಕೂ ಏನಿಲ್ಲ.

ಅದರಿಂದ ತೊಂದರೆಯೇನೂ ಆಗಲಿಲ್ಲ, ಯಾಕೆಂದರೆ ಬರುವಾಗ ನಾವು ಎರಡೂ ಕೆಲಸವನ್ನು ಒಂದೇ ಕಡೆ ಮುಗಿಸುವ ಆಸೆ ಬಿಟ್ಟಿದ್ದೆವು. 20 ನಿಮಿಷ ಮೊದಲೇ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದೆವು. ನಾನು ಮೊದಲು ಇಳಿದು, ಕಮೋಡ್ ಇದೆಯಾ, ನೆಲ ಒಣಗಿದೆಯಾ ಅಂತ ನೋಡಿ ಬಂದು, ಆಮೇಲೆ ಅವರನ್ನು ಇಳಿಸಿದೆ. ಅಪ್ಪನ ನೀರಿಳಿಸುವ ಮಾತ್ರೆ ಫ್ಯೂರೋಸಮೈಡ್. ಅದು ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಮೊದಲೆರಡು ಗಂಟೆ ಜೋರು, ಆರೇಳು ಗಂಟೆ ಕಳೆದ ಮೇಲೆ ಇಳಿಯುತ್ತದೆ. ಬೆಳಿಗ್ಗೆ 6ಕ್ಕೆ ನುಂಗಿದರೆ 7ಕ್ಕೊಂದು, 8ಕ್ಕೊಂದು ನಿಲ್ದಾಣ ಬೇಕೇ ಬೇಕು. ಊಟದ ಹೊತ್ತಿಗೆ ಅಷ್ಟು ಅವಸರ ಇರುವುದಿಲ್ಲ. ಹೋಗುವಾಗ ಅಪ್ಪ ಯಾರಿಗೂ ಹೇಳದೆ ಆ ಮಾತ್ರೆಯನ್ನೇ ಬಿಟ್ಟಿದ್ದರು, ನೀರನ್ನೂ ಕುಡಿದಿರಲಿಲ್ಲ. ಸಂಜೆಗೆ ಪಾದ ಚಪ್ಪಲಿಗೆ ಹಿಡಿಸಲಿಲ್ಲ. ಮಾತ್ರೆಯ ಹೊತ್ತು ಬದಲಾಯಿಸಬೇಕಿದ್ದರೆ ಹೊರಡುವ ಮುಂಚೆ ಡಾಕ್ಟರನ್ನೇ ಕೇಳಬೇಕು, ನಾವೇ ತೀರ್ಮಾನ ಮಾಡುವಂಥದ್ದಲ್ಲ.

ಇನ್ನು ತಿಂದಿದ್ದರ ಹೋಲಿಕೆ. ಫುಡ್ ಕೋರ್ಟಿನಲ್ಲಿ ಅಪ್ಪ ತರಿಸಿದ್ದು ತುಂಬು ಊಟ: ಅನ್ನದ ರಾಶಿ, ಎಣ್ಣೆ ತೇಲುವ ಗ್ರೇವಿ, ಕೊನೆಗೆ ಸಿಹಿ. ಹಸಿದಿದ್ದರು, ಪೂರ್ತಿ ಖಾಲಿ ಮಾಡಿದರು. ಮುಕ್ಕಾಲು ಗಂಟೆ ಆದ ಮೇಲೆ ಕಾರಿನ ಹತ್ತಿರ ಬಂದು ಬಾಗಿಲು ಹಿಡಿದು ನಿಂತುಬಿಟ್ಟರು. ಕಣ್ಣು ಕತ್ತಲೆ ಬಂತಂತೆ. ಕೂರಿಸಿ ಬಿಪಿ ನೋಡಿದೆವು. ಊಟಕ್ಕೆ ಮುಂಚೆ ಮೇಲಿನ ಅಂಕಿ 138 ಇತ್ತು, ಈಗ 106. 'ಸುಮ್ನಿರು, ಬಿಸಿಲಿಗೆ ಹಂಗಾಯ್ತು' ಅಂದರು. ಬಿಸಿಲು ಅಲ್ಲ ಅಂತ ಆಮೇಲೆ ಡಾಕ್ಟರ್ ಹೇಳಿದರು. ಊಟವಾದ ಮೇಲೆ ರಕ್ತ ಹೊಟ್ಟೆ ಕಡೆ ಜಾಸ್ತಿ ಹರಿಯುತ್ತದೆ. ವಯಸ್ಸಾದವರ ಹೃದಯ, ರಕ್ತನಾಳಗಳು ಅದನ್ನು ಬೇಗ ಸರಿದೂಗಿಸುವುದಿಲ್ಲ. ಎರಡು ಗಂಟೆಯೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದೇ ಸಲ ಅನ್ನ, ಸಿಹಿ ಜಾಸ್ತಿ ತಿಂದಷ್ಟೂ ಇಳಿತ ಜಾಸ್ತಿ.

ಬರುವಾಗ ಅಪ್ಪನಿಗೆ ಮೊದಲು ಒಂದು ದೊಡ್ಡ ಲೋಟ ನೀರು. ಆಮೇಲೆ ಎರಡು ಮೊಟ್ಟೆಯ ಆಮ್ಲೆಟ್, ಎರಡು ಬ್ರೆಡ್, ಅರ್ಧ ತಟ್ಟೆ ಮೊಸರನ್ನ. ತಿಂದ ಮೇಲೂ 20 ನಿಮಿಷ ಅಲ್ಲೇ ಕೂರಿಸಿದೆವು, ನಿಧಾನಕ್ಕೆ ಎಬ್ಬಿಸಿ ಒಂದು ಸುತ್ತು ನಡೆಸಿದೆವು. ಬಿಪಿ 136 ಇದ್ದದ್ದು 122ಕ್ಕೆ ನಿಂತಿತು. ಉಳಿದ ಹಸಿವಿಗೆ ಎರಡು ಗಂಟೆ ಬಿಟ್ಟು ಬಾಳೆಹಣ್ಣು. ಒಂದೇ ದಿನದ ಅಳತೆ, ಅಷ್ಟೇ. ಆದರೆ ಕಣ್ಣು ಕತ್ತಲೆ ಬರಲಿಲ್ಲ.

ಆಮ್ಲೆಟ್ ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಅದು ನಮ್ಮ ಕಣ್ಣೆದುರೇ ಕಾವಲಿಯಿಂದ ನೇರ ತಟ್ಟೆಗೆ ಬರುತ್ತದೆ. ಒಳಗೆ ಹಸಿ ಉಳಿಯದ ಹಾಗೆ ಚೆನ್ನಾಗಿ ಬೇಯಿಸಿ ಅಂತ ಹೇಳಿದರೆ ಸಾಕು. ಅಮ್ಮನ ಕಟ್ಟಿಸಿಕೊಂಡ ಹಲ್ಲಿಗೂ ಅದು ಮೆತ್ತಗೆ.

ನನಗೆ ಜಾಸ್ತಿ ಭಯ ಇರುವುದು ಅನ್ನದ ಮೇಲೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಬಿದ್ದಿದ್ದರೆ ಅವು ಬೆಳೆದು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹೊಗೆಯಾಡುವ ಫ್ರೈಡ್ ರೈಸ್ ಬೆಳಿಗ್ಗೆಯ ಅನ್ನದ್ದೂ ಆಗಿರಬಹುದು, ಅಲ್ವಾ? ಬಡಿಸುವ ಪಾತ್ರೆ 60 ಡಿಗ್ರಿಗಿಂತ ಮೇಲಿರಬೇಕು. ಥರ್ಮಾಮೀಟರ್ ಹಿಡಿದುಕೊಂಡು ಹೋಗೋಕಾಗುತ್ತಾ? ಮುಚ್ಚಳ ತೆಗೆದಾಗ ಹಬೆ ಏಳುತ್ತದಾ ಅಂತ ನೋಡುತ್ತೇನೆ. ಫುಡ್ ಕೋರ್ಟಿನ ಗಾಜಿನ ಕೌಂಟರಿನಲ್ಲಿ ಆ ದಿನ ಹಬೆ ಇರಲಿಲ್ಲ, ಅನ್ನದ ಮೇಲ್ಪದರ ಒಣಗಿ ಅಂಚಿನಲ್ಲಿ ಗಟ್ಟಿಯಾಗಿತ್ತು. ಸಣ್ಣ ಹೋಟೆಲಿನಲ್ಲಿ ಹುಡುಗ ನಮ್ಮ ಮುಂದೆಯೇ ಹೊಸ ಹಂಡೆ ಇಳಿಸಿದ. ಮೊಸರನ್ನಕ್ಕೆ ಆ ಬಿಸಿ ಅನ್ನವನ್ನೇ ತಟ್ಟೆಗೆ ಹಾಕಿಸಿಕೊಂಡು, ಮೊಸರು ಬೇರೆ ತರಿಸಿ ಕಲಸಿಕೊಂಡೆವು. ಸಣ್ಣ ಹೋಟೆಲ್ ಅಂದರೆ ಯಾವಾಗಲೂ ಹೀಗೆ ಅಂತಲ್ಲ. ನಾವು ಹೋಗಿದ್ದು ಮಧ್ಯಾಹ್ನ 12:15ಕ್ಕೆ, ಜನ ತುಂಬಿ ಹಂಡೆ ಬೇಗ ಖಾಲಿಯಾಗುವ ಹೊತ್ತು. ಅದೇ ಹೋಟೆಲಿಗೆ 3:30ಕ್ಕೆ ಹೋಗಿದ್ದರೆ ನಾನು ಅನ್ನದ ಸುದ್ದಿಗೇ ಹೋಗುತ್ತಿರಲಿಲ್ಲ.

ಮುಂದಿನ ಸಲವೂ ಊಟಕ್ಕೆ ಸಣ್ಣ ಹೋಟೆಲೇ, ಶೌಚಾಲಯಕ್ಕೆ ಬಂಕ್ ಅಥವಾ ಫುಡ್ ಕೋರ್ಟ್. ಅಪ್ಪನಿಗೆ ಮಾತ್ರ ಇದು ಒಪ್ಪಿಗೆಯಿಲ್ಲ. ಆಮ್ಲೆಟ್ ತಿಂದು ಬಂದಿದ್ದನ್ನು ಊಟ ಅಂತ ಅವರು ಈಗಲೂ ಲೆಕ್ಕಕ್ಕೇ ಇಟ್ಟಿಲ್ಲ.