ವ್ಯಾಂಡಲ್ಲೋ ಫ್ಯಾಂಟಮ್ಮೋ: ಹತ್ತು ಹೆಲ್ತ್‌ನ ಲೆಕ್ಕ

ವ್ಯಾಲೊರಂಟ್ ಗೇಮ್‌ನಲ್ಲಿ ವ್ಯಾಂಡಲ್, ಫ್ಯಾಂಟಮ್ ಅನ್ನೋ ಎರಡು ಗನ್‌ಗೂ ಬೆಲೆ ಒಂದೇ, 2900 ಕ್ರೆಡಿಟ್. ನಾನು ತುಂಬಾ ದಿನ ಫ್ಯಾಂಟಮ್ಮೇ ತಗೊಳ್ತಿದ್ದೆ. ದೂರದಿಂದ ತಲೆಗೆ ಸರಿಯಾಗಿ ಒಂದು ಬಿಟ್ಟರೂ ಎದುರಿನವನು ಬೀಳುತ್ತಿರಲಿಲ್ಲ, ತಿರುಗಿ ನನಗೇ ಹೊಡೆಯುತ್ತಿದ್ದ. ಸತ್ತ ಮೇಲೆ ರಿಪೋರ್ಟ್ ನೋಡಿದರೆ ನಾನು ಕೊಟ್ಟ ಡ್ಯಾಮೇಜ್ ಮತ್ತೆ ಮತ್ತೆ ಅದೇ ಅಂಕಿ: 140.

ಕೊನೆಗೆ ಒಂದು ಭಾನುವಾರ ಕಸ್ಟಮ್ ಗೇಮ್ ಹಾಕಿದೆವು. ನಾನು ಕಲಬುರಗಿಯಲ್ಲಿ, ಕಾಕಾನ ಮಗ ಬೀದರ್‌ನಲ್ಲಿ. ಅವನು ಹೆವಿ ಶೀಲ್ಡ್ ಹಾಕಿಕೊಂಡು ನಿಂತ, ಅಂದರೆ 100 ಹೆಲ್ತ್, 50 ಶೀಲ್ಡ್, ಒಟ್ಟು 150. ಫ್ಯಾಂಟಮ್‌ನಲ್ಲಿ ಹತ್ತಿರದಿಂದ ತಲೆಗೆ ಒಂದು ಹೊಡೆದೆ, 156, ಬಿದ್ದ. ಮುಂದಿನ ರೌಂಡ್‌ನಲ್ಲಿ ಹಿಂದೆ ಸರಿಸಿ ನಿಲ್ಲಿಸಿದೆ. ತಲೆಗೇ ಬಿತ್ತು. "ಅಣ್ಣಾ, ನಾ ಇನ್ನಾ ಸತ್ತಿಲ್ಲ ನೋಡು" ಅಂದ. ಅವನಿಗೆ ಉಳಿದಿದ್ದು ಬರೀ 10.

ನಾವು ನೋಡಿದಾಗಿನ ಲೆಕ್ಕ ಹೀಗಿತ್ತು. ಫ್ಯಾಂಟಮ್ 15 ಮೀಟರ್ ಒಳಗೆ ಮೈಗೆ 39, ತಲೆಗೆ ಅದರ ನಾಲ್ಕು ಪಟ್ಟು. 15 ದಾಟಿದರೆ ಮೈಗೆ 35, ತಲೆಗೆ 140. 30 ದಾಟಿದರೆ 31 ಮತ್ತು 124. ವ್ಯಾಂಡಲ್ ಎಷ್ಟೇ ದೂರ ಇರಲಿ 40 ಮತ್ತು 160, ಹಾಗಾಗಿ ತಲೆಗೆ ಬಿದ್ದರೆ ಮುಗೀತು. ಲೈಟ್ ಶೀಲ್ಡ್ ಹಾಕಿದವನಿಗೆ ಒಟ್ಟು 125 ಇರುತ್ತದೆ, ಅವನಿಗೆ ದೂರದಿಂದ ಫ್ಯಾಂಟಮ್‌ನ 124 ಬಿದ್ದರೆ ಒಂದೇ ಒಂದು ಹೆಲ್ತ್ ಉಳಿಸಿಕೊಂಡು ಬದುಕುತ್ತಾನೆ. ಇದು ಹೊಟ್ಟೆ ಉರಿಸುತ್ತೆ ಅಲ್ವಾ?

ಹಾಗಂತ ವ್ಯಾಂಡಲ್ಲೇ ಯಾವಾಗಲೂ ಮೇಲು ಅಂತಲ್ಲ. ತಲೆಗೆ ಬೀಳದೆ ಎಲ್ಲ ಗುಂಡೂ ಮೈಗೆ ಬಿದ್ದರೆ ಆಟ ಬದಲಾಗುತ್ತೆ. ಫ್ಯಾಂಟಮ್ ಸೆಕೆಂಡಿಗೆ 11 ಗುಂಡು ಹಾರಿಸುತ್ತದೆ, ವ್ಯಾಂಡಲ್ 9.75. ಹತ್ತಿರದಲ್ಲಿ ಆ 150 ಮುಗಿಸಲು ಎರಡಕ್ಕೂ ನಾಲ್ಕು ಗುಂಡು ಬೇಕು. ಮೊದಲ ಗುಂಡು ತಕ್ಷಣ ಹೋಗುವುದರಿಂದ ನಡುವಿನ ಮೂರು ಅಂತರ ಮಾತ್ರ ಎಣಿಸಬೇಕು: ಫ್ಯಾಂಟಮ್‌ಗೆ 0.27 ಸೆಕೆಂಡ್, ವ್ಯಾಂಡಲ್‌ಗೆ 0.31. 15 ಮೀಟರ್ ದಾಟಿದ ಕೂಡಲೇ 35ರ ನಾಲ್ಕು ಪಟ್ಟು ಮತ್ತೆ 140, ಐದನೇ ಗುಂಡು ಬೇಕೇ ಬೇಕು, ಫ್ಯಾಂಟಮ್‌ಗೆ 0.36 ಸೆಕೆಂಡ್ ಹಿಡಿಯುತ್ತದೆ. ವ್ಯಾಂಡಲ್ 0.31ರಲ್ಲೇ ಇರುತ್ತದೆ.

ಇದೆಲ್ಲ ಒಂದು ಗುಂಡೂ ತಪ್ಪದಿದ್ದರೆ ಮಾತ್ರ. ವ್ಯಾಂಡಲ್‌ನಲ್ಲಿ ಒಂದು ತಪ್ಪಿದರೆ 0.1 ಸೆಕೆಂಡ್ ಹೋಯ್ತು, ನಾಲ್ಕೈದು ಗುಂಡಾದ ಮೇಲೆ ಅದನ್ನು ಹಿಡಿದು ನಿಲ್ಲಿಸುವುದೂ ಕಷ್ಟ. ಹೊಗೆಯೊಳಗೆ ಸುಮ್ನೆ ಗುಂಡು ಸುರಿಯುವುದಕ್ಕೆ ನನಗೆ ಇವತ್ತಿಗೂ ಫ್ಯಾಂಟಮ್ಮೇ ಬೇಕು: 30 ಗುಂಡಿನ ಮ್ಯಾಗಜಿನ್, ಜೊತೆಗೆ ಗುಂಡಿನ ಗೆರೆ ಎದುರಿನವರಿಗೆ ಕಾಣಿಸಲ್ಲ.

ಈಗ ಬೈಂಡ್ ಮ್ಯಾಪ್‌ನಲ್ಲಿ ಹುಕ್ಕಾ ಅನ್ನೋ ಇಕ್ಕಟ್ಟಿನ ಜಾಗ ಹಿಡಿಯುವುದಿದ್ದರೆ ಫ್ಯಾಂಟಮ್ ತಗೊಳ್ತೀನಿ. ದೂರದಿಂದ ಹೊಡೆಯಬೇಕಾದ ಬ್ರೀಜ್ ಮ್ಯಾಪ್ ಬಂದರೆ ಕೇಳೋದೇ ಬೇಡ, ವ್ಯಾಂಡಲ್. ನಿಮ್ಮ ರಿಪೋರ್ಟ್‌ನಲ್ಲೂ 140 ಪದೇ ಪದೇ ಕಾಣಿಸುತ್ತಿದ್ದರೆ ನಿಮ್ಮ ಗುರಿ ಚೆನ್ನಾಗೇ ಇದೆ, ಆ ದೂರಕ್ಕೆ ಗನ್ ತಪ್ಪಾಗಿದೆ.